ಸ್ಟಾಕ್ ವರ್ಷಕ್ಕೆ 10 ಸಲ ತಿರುಗ್ತಿದೆ ಅನ್ನುತ್ತೆ ಲೆಕ್ಕ, ಸಿಸಿ ಲಿಮಿಟ್ ಮಾತ್ರ ಯಾವಾಗ್ಲೂ ಫುಲ್. ಎಲ್ಲಿ ತಪ್ತಿದೆ?

ಸುಮಾ_ಅಕೌಂಟ್ಸ್
ಎಲ್ಲರಿಗೂ ನಮಸ್ಕಾರ. ಬಿವಿಕೆ ಅಯ್ಯಂಗಾರ್ ರಸ್ತೆ ಹತ್ರ ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನೋಡ್ಕೊಳ್ತೀನಿ. ವೈರು, ಸ್ವಿಚ್ಚು, ಎಂಸಿಬಿ, ಪಿವಿಸಿ ಪೈಪು, ಫ್ಯಾನು, ಎಲ್‌ಇಡಿ ಲೈಟು ಇಷ್ಟೇ ಮಾಲು. ಗೋಡೌನ್ ಮಾಗಡಿ ರೋಡಲ್ಲಿದೆ.

ಕಳೆದ ವರ್ಷ ಜಿಎಸ್‌ಟಿ ಬಿಟ್ಟು 6 ಕೋಟಿ ಸೇಲ್ ಆಗಿದೆ. ಮಾರ್ಚ್ 31ರ ಸ್ಟಾಕ್ 60 ಲಕ್ಷ. ಓನರ್ ಲೆಕ್ಕ ಏನಂದ್ರೆ 600 ಭಾಗಿಸು 60, ಅಂದ್ರೆ 10 ಸಲ ತಿರುಗಿದೆ, 36 ದಿನದ ಸ್ಟಾಕ್ ಇದೆ, "ನಮ್ಮ ಲೈನಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿದಾರೆ" ಅಂತಾರೆ. ಆದ್ರೆ ಬ್ಯಾಂಕಿನ ಸಿಸಿ ಸಾಲದ ಅಕೌಂಟ್ ವರ್ಷಪೂರ್ತಿ ಮೇಲಿನ ಗೆರೆ ಮುಟ್ಕೊಂಡೇ ಇರುತ್ತೆ. ಬಡ್ಡಿ 10.5 ಪರ್ಸೆಂಟ್. ಸ್ಟಾಕ್ ಇಷ್ಟು ಜೋರಾಗಿ ತಿರುಗ್ತಿದ್ರೆ ದುಡ್ಡು ಯಾಕೆ ಕೈಗೆ ಬರ್ತಿಲ್ಲ?

ಇನ್ನೊಂದು ವಿಷ್ಯ. ಸ್ವಿಚ್ ಕಂಪನಿಯವರು ಕ್ವಾರ್ಟರ್ ಕೊನೆ ಅಂತ 15 ಲಕ್ಷದ ಮೇಲೆ ಎತ್ತಿದ್ರೆ ಎಕ್ಸ್‌ಟ್ರಾ 2.5 ಪರ್ಸೆಂಟ್ ಕೊಡ್ತಾರಂತೆ. ತಗೋಬೇಕಾ ಬೇಡ್ವಾ ಅಂತ ಈ ವಾರದೊಳಗೆ ಹೇಳ್ಬೇಕು.

ಪೀಣ್ಯ_ಪ್ರಸಾದ್
ಮೇಡಂ, ಟರ್ನೋವರ್ 5 ಕೋಟಿ ದಾಟಿದೆ ಅಂದ್ರೆ ಮೊದ್ಲು ಇ-ಇನ್ವಾಯ್ಸ್ ನೋಡಿ. 2023ರ ಆಗಸ್ಟ್ 1ರಿಂದ ಕಡ್ಡಾಯ. ಬಿ2ಬಿ ಬಿಲ್ಲಿಗೆ ಐಆರ್‌ಎನ್ ಇಲ್ದಿದ್ರೆ ಎದುರಿನೋರಿಗೆ ಐಟಿಸಿ ತೊಂದ್ರೆ ಆಗುತ್ತೆ.

ಸುಮಾ_ಅಕೌಂಟ್ಸ್
@ಪೀಣ್ಯ_ಪ್ರಸಾದ್ ಸರ್, ಅದು ಮಾಡ್ತಿದೀವಿ. ನಾನು ಕೇಳ್ತಿರೋದು ಆ ಟರ್ನೋವರ್ ಅಲ್ಲ, ಸ್ಟಾಕ್ ಎಷ್ಟು ಸಲ ಖಾಲಿಯಾಗಿ ತುಂಬುತ್ತೆ ಅನ್ನೋದು.

ಮಾಲು_ಲೆಕ್ಕ
ಸುಮಾ ಅವ್ರೇ, ಆ 10ರಲ್ಲಿ ಎರಡು ಕಡೆ ಸಡಿಲ ಇದೆ.

ಒಂದು, ಮೇಲಿಟ್ಟಿರೋದು ಮಾರಿದ ಬೆಲೆ, ಕೆಳಗಿಟ್ಟಿರೋದು ಕೊಂಡ ಬೆಲೆ. ಸ್ಟಾಕ್ ಅಸಲಿನಲ್ಲಿದ್ರೆ ಮಾರಿದ ಮಾಲನ್ನೂ ಅಸಲಿನಲ್ಲೇ ಹಿಡೀಬೇಕು. ಇಲ್ದಿದ್ರೆ ಮಾರ್ಜಿನ್ ಜಾಸ್ತಿ ಇಟ್ಟಷ್ಟೂ ಸ್ಟಾಕ್ ಜೋರಾಗಿ ತಿರುಗಿದ ಹಾಗೆ ಕಾಣುತ್ತೆ.

ಎರಡನೇದು ಇದಕ್ಕಿಂತ ದೊಡ್ಡದು. ಮಾರ್ಚ್ 31 ಒಂದು ದಿನ ಅಷ್ಟೇ. ಮಾರ್ಚ್‌ನಲ್ಲಿ ಸರ್ಕಾರಿ ಕಾಂಟ್ರಾಕ್ಟರ್‌ಗಳು ಕೆಲಸ ಮುಗಿಸಿ ಬಿಲ್ ಹಾಕೋ ಅವಸರದಲ್ಲಿರ್ತಾರೆ, ವೈರು ಪೈಪು ಎಲ್ಲಾ ಖಾಲಿಯಾಗುತ್ತೆ. ಎಷ್ಟೋ ಓನರ್‌ಗಳು ಸ್ಟಾಕ್ ಎಣಿಸೋದು ಸುಲಭ ಆಗ್ಲಿ ಅಂತ ಕೊನೇ 2 ವಾರ ಖರೀದಿನೇ ನಿಲ್ಲಿಸ್ತಾರೆ. ವರ್ಷದಲ್ಲೇ ತೀರಾ ಕಡಿಮೆ ಇರೋ ದಿನ ಹಿಡ್ಕೊಂಡು ಇಡೀ ವರ್ಷ ಅಳೆದ್ರೆ ಹೀಗೇ ಆಗೋದು. ಪ್ರತಿ ತಿಂಗಳ ಕೊನೆಯ ಸ್ಟಾಕ್ ತೆಗೀರಿ, 12ನ್ನೂ ಕೂಡಿ 12ರಿಂದ ಭಾಗಿಸಿ. ಆ ಸರಾಸರಿ ಮತ್ತೆ ಗ್ರಾಸ್ ಮಾರ್ಜಿನ್ ಇಲ್ಲಿ ಹಾಕಿ.

ಚಿಕ್ಕಪೇಟೆ_ಹುಡ್ಗ
ಇಷ್ಟೆಲ್ಲಾ ಯಾಕೆ ಗುರು. ಸ್ಟಾಕ್ ಅರ್ಧ ಮಾಡಿ, ದಿನ ಅರ್ಧ ಆಗುತ್ತೆ, ಬಡ್ಡಿನೂ ಅರ್ಧ. ಡಿಪೋ ಎಲ್ಲಾ ನೆಲಮಂಗಲ ಕಡೆನೇ ಇದೆ, ಫೋನ್ ಹೊಡೆದ್ರೆ ಎರಡು ದಿನಕ್ಕೆ ಮಾಲು ಬರುತ್ತೆ. ಗೋಡೌನ್ ತುಂಬಿಸಿಡೋ ಕಾಲ ಮುಗೀತು.

ಗೋಡೌನ್_ಗೌಡ
@ಚಿಕ್ಕಪೇಟೆ_ಹುಡ್ಗ ಎಲೆಕ್ಟ್ರಿಷಿಯನ್ 40 ಐಟಂ ಚೀಟಿ ಹಿಡ್ಕೊಂಡು ಬರ್ತಾನೆ. ಅದ್ರಲ್ಲಿ 1.5 ಸ್ಕ್ವೇರ್ ಕೆಂಪು ವೈರ್ ಇಲ್ಲ ಅಂದ್ರೆ ಬರೀ ವೈರ್ ಬಿಟ್ಟು ಹೋಗಲ್ಲ, ಚೀಟಿನೇ ತಗೊಂಡು ಪಕ್ಕದ ಅಂಗಡಿಗೆ ಹೋಗ್ತಾನೆ. ಅರ್ಧ ಮಾಡೋದು ಸುಲಭ, ಯಾವ ಅರ್ಧ ಅನ್ನೋದೇ ಪ್ರಶ್ನೆ.

ಸುಮಾ_ಅಕೌಂಟ್ಸ್
12 ತಿಂಗಳ ಸರಾಸರಿ 92 ಲಕ್ಷ ಬಂತು! ಸೆಪ್ಟೆಂಬರ್ ಕೊನೆಗೆ 1.18 ಕೋಟಿ ಮುಟ್ಟಿದೆ. ಗ್ರಾಸ್ ಮಾರ್ಜಿನ್ 8 ಪರ್ಸೆಂಟ್.

ಮಾಲು_ಲೆಕ್ಕ
ಹಾಗಾದ್ರೆ ಮಾರಿದ ಮಾಲಿನ ಅಸಲು 5.52 ಕೋಟಿ.

```
552 ÷ 92 = 6 ಸಲ
365 ÷ 6  = 61 ದಿನ
```

36 ಅಲ್ಲ, 61 ದಿನ. ಒಂದು ದಿನದ ಮಾಲು ಅಂದ್ರೆ 552 ಭಾಗಿಸು 365, ಸುಮಾರು 1.51 ಲಕ್ಷ. ಈ ಒಂದು ಸಂಖ್ಯೆ ಓನರ್ ಮೇಜಿನ ಮೇಲೆ ಬರೆದಿಡಿ. ಒಂದು ದಿನದ ಸ್ಟಾಕ್ ಇಳಿಸಿದ್ರೆ 1.51 ಲಕ್ಷ ಸಿಸಿಯಿಂದ ಕೆಳಗೆ ಬರುತ್ತೆ, 10.5 ಪರ್ಸೆಂಟ್‌ನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 16,000 ಬಡ್ಡಿ ಉಳಿಯುತ್ತೆ. "ಸ್ಟಾಕ್ ಜಾಸ್ತಿ ಇದೆ" ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, "ಒಂದು ದಿನದ ಸ್ಟಾಕಿಗೆ ವರ್ಷಕ್ಕೆ 16,000" ಅಂದ್ರೆ ಕೇಳ್ತಾರೆ.

ಆದ್ರೆ ಇಲ್ಲಿಗೇ ನಿಲ್ಲಿಸ್ಬೇಡಿ. 61 ಅನ್ನೋದು ಎಲ್ಲಾ ಮಾಲು ಕಲಸಿದ ಸಂಖ್ಯೆ. ಗ್ರೂಪ್ ಪ್ರಕಾರ ಒಡೀರಿ. ಟ್ಯಾಲಿಯಲ್ಲಿ ಸ್ಟಾಕ್ ಗ್ರೂಪ್ ಮಾಡಿದೀರಲ್ವಾ?

ಸೀರೆ_ವ್ಯಾಪಾರ
ನಮ್ದು ಸೀರೆ ಹೋಲ್‌ಸೇಲ್. 61 ದಿನಕ್ಕೇ ಭಯ ಪಡ್ತಿದೀರಲ್ಲ, ನಮ್ಮಲ್ಲಿ 120 ದಿನಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಡಿಸೈನ್ ಸೆಟ್ ಸೆಟ್ಟಾಗೇ ಬರುತ್ತೆ, 6 ಬಣ್ಣದಲ್ಲಿ 2 ಓಡುತ್ತೆ, 4 ಕೂರುತ್ತೆ. ಶ್ರಾವಣದಿಂದ ದೀಪಾವಳಿವರೆಗೆ ಮಾರಿದ್ದೇ ವ್ಯಾಪಾರ. ನಮ್ಮಂಥೋರಿಗೆ ಸರಿಯಾದ ದಿನ ಎಷ್ಟು?

ಮಾಲು_ಲೆಕ್ಕ
@ಸೀರೆ_ವ್ಯಾಪಾರ ಅಣ್ಣ, ಬೇರೆ ಲೈನಿನ ಸಂಖ್ಯೆ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ನಿಮ್ಮದೇ ಕಳೆದ ವರ್ಷದ ಇದೇ ತಿಂಗಳ ಜೊತೆ ನೋಡಿ. ಹಬ್ಬ ಮುಗಿದ ಮೇಲೆ ಎಷ್ಟು ಉಳೀತು ಅನ್ನೋದು ನಿಮಗೆ ಮುಖ್ಯ, ಹಬ್ಬಕ್ಕೆ ಮುಂಚೆ ಎಷ್ಟಿತ್ತು ಅನ್ನೋದಲ್ಲ.

ಸುಮಾ_ಅಕೌಂಟ್ಸ್
ಗ್ರೂಪ್ ಪ್ರಕಾರ ತೆಗೆದೆ. ಎಲ್ಲಾ ಲಕ್ಷದಲ್ಲಿ, ಮೊದಲನೇದು ವರ್ಷದಲ್ಲಿ ಮಾರಿದ ಮಾಲಿನ ಅಸಲು, ಎರಡನೇದು ಸರಾಸರಿ ಸ್ಟಾಕ್.

```
ವೈರ್, ಕೇಬಲ್      300   25    30 ದಿನ
ಸ್ವಿಚ್, ಎಂಸಿಬಿ     120   24    73 ದಿನ
ಪಿವಿಸಿ ಪೈಪ್         60    5    30 ದಿನ
ಫ್ಯಾನ್              48   12    91 ದಿನ
ಎಲ್‌ಇಡಿ ಲೈಟ್        24   26   395 ದಿನ
```

ಎಲ್‌ಇಡಿ 395 ದಿನ ಬಂದಾಗ ತಪ್ಪಾಗಿದೆ ಅಂದ್ಕೊಂಡು ಮತ್ತೆ ಹಾಕಿದೆ, ಅಷ್ಟೇ ಬಂತು. ಓನರ್‌ಗೆ ತೋರಿಸಿದ್ರೆ "ಅದ್ರಲ್ಲಿ 20 ಪರ್ಸೆಂಟ್ ಮಾರ್ಜಿನ್ ಇದೆ, ವೈರಲ್ಲಿ 4 ಕೂಡ ಗಿಟ್ಟಲ್ಲ, ಮುಟ್ಟಬೇಡ" ಅಂದ್ರು.

ಚಿಕ್ಕಪೇಟೆ_ಹುಡ್ಗ
ಓನರ್ ಹೇಳೋದು ಸರಿನೇ ಅಲ್ವಾ. 20 ಎಲ್ಲಿ, 4 ಎಲ್ಲಿ.

ಮಾಲು_ಲೆಕ್ಕ
ಹಾಗಾದ್ರೆ ರೂಪಾಯಿಯಲ್ಲೇ ನೋಡೋಣ. ವೈರ್ ಅಸಲು 300 ಲಕ್ಷ, ಮಾರಿದ ಬೆಲೆಯ ಮೇಲೆ 4 ಪರ್ಸೆಂಟ್ ಅಂದ್ರೆ ಸೇಲ್ 312.5 ಲಕ್ಷ, ಲಾಭ 12.5 ಲಕ್ಷ. ಅದಕ್ಕೆ ಕಟ್ಟಿಹಾಕಿರೋ ದುಡ್ಡು 25 ಲಕ್ಷ. ಎಲ್‌ಇಡಿ ಅಸಲು 24 ಲಕ್ಷ, 20 ಪರ್ಸೆಂಟ್ ಅಂದ್ರೆ ಸೇಲ್ 30 ಲಕ್ಷ, ಲಾಭ 6 ಲಕ್ಷ. ಕಟ್ಟಿಹಾಕಿರೋದು 26 ಲಕ್ಷ.

ಎರಡೂ ಕಡೆ ಹತ್ತಿರ ಹತ್ತಿರ ಅಷ್ಟೇ ದುಡ್ಡು ಕೂತಿದೆ. 4 ಪರ್ಸೆಂಟಿನ ವೈರು ಎರಡು ಪಟ್ಟು ದುಡಿದು ಕೊಡ್ತಿದೆ. ಆ 6 ಲಕ್ಷದಲ್ಲಿ 2.73 ಲಕ್ಷ ಬರೀ ಬಡ್ಡಿಗೆ ಹೋಗ್ತಿದೆ. ಮಿಕ್ಕಿದ್ದರಲ್ಲಿ ಗೋಡೌನ್ ಬಾಡಿಗೆ, ವಾರಂಟಿ ರಿಪ್ಲೇಸ್‌ಮೆಂಟ್ ಓಡಾಟ, ಹಳೇ ಮಾಡೆಲ್ ರೇಟ್ ಇಳಿಕೆ ಎಲ್ಲಾ ಬರ್ಬೇಕು.

ಮಾರ್ಜಿನ್ ಒಂದು ಸಲ ಮಾರಿದ್ರೆ ಎಷ್ಟು ಸಿಗುತ್ತೆ ಅಂತ ಹೇಳುತ್ತೆ, ವರ್ಷದಲ್ಲಿ ಎಷ್ಟು ಸಲ ಸಿಗುತ್ತೆ ಅಂತ ಹೇಳಲ್ಲ. ಎರಡನ್ನೂ ಒಟ್ಟಿಗೆ ಹಿಡಿಯದೇ ಯಾವ ಮಾಲು ಒಳ್ಳೇದು ಅಂತ ತೀರ್ಮಾನ ಮಾಡೋಕಾಗಲ್ಲ.

ಲೈಟ್_ಡೀಲರ್_ಜಯನಗರ
ಎಲ್‌ಇಡಿ ಯಾಕೆ ಹೀಗೆ ಕೂರುತ್ತೆ ಅಂತ ಹೇಳ್ತೀನಿ. ಒಂದು ಬ್ರಾಂಡಿನ ಡೌನ್‌ಲೈಟ್ ತಗೊಳ್ಳಿ. 6, 9, 12, 15 ವ್ಯಾಟ್ ಅಂತ ನಾಲ್ಕು. ಪ್ರತಿಯೊಂದ್ರಲ್ಲೂ 3000ಕೆ, 4000ಕೆ, 6500ಕೆ ಅಂತ ಮೂರು ಬಣ್ಣ. ಅದ್ರಲ್ಲಿ ರೌಂಡು, ಚೌಕ. 4 ಗುಣಿಸು 3 ಗುಣಿಸು 2, ಅಂದ್ರೆ 24 ಐಟಂ, ಒಂದೇ ಲೈಟು! ಮೂರು ಬ್ರಾಂಡ್ ಇಟ್ರೆ 72. ಮನೆ ಕಟ್ಟೋರು ಒಂದೇ ಥರ 40 ಪೀಸ್ ಕೇಳ್ತಾರೆ, 22 ಇದೆ ಅಂದ್ರೆ ಆ 22ನೂ ಬೇಡ ಅಂತಾರೆ. ಹಾಗಾಗಿ ಪ್ರತಿ ಐಟಂನಲ್ಲೂ ಚೂರು ಚೂರು ಉಳ್ಕೊಳ್ಳುತ್ತೆ. ಅಷ್ಟರಲ್ಲಿ ಕಂಪನಿ ಹೊಸ ಮಾಡೆಲ್ ತರುತ್ತೆ, ಕಟೌಟ್ ಅಳತೆ ಬೇರೆ ಆಗುತ್ತೆ, ಹಳೇದು ಹಳೇ ಸೀಲಿಂಗ್‌ನಲ್ಲಿ ಬದಲಾಯಿಸೋಕೆ ಮಾತ್ರ ಹೋಗುತ್ತೆ.

ಮಾಡ್ಬೇಕಾದ್ದು ಬ್ರಾಂಡ್ ಒಂದಕ್ಕೆ ಇಳಿಸೋದು, ಚೌಕ ಆರ್ಡರ್ ಮೇಲೆ ಮಾತ್ರ ತರಿಸೋದು, 4000ಕೆ ಎರಡು ವ್ಯಾಟ್‌ನಲ್ಲಿ ಸಾಕು. ಹೋಲ್‌ಸೇಲ್‌ನಲ್ಲಿ ಎಲ್ಲಾ ಇಡ್ತೀನಿ ಅಂತ ಹೊರಟ್ರೆ ಯಾವುದೂ ಸಾಕಾಗುವಷ್ಟು ಇರಲ್ಲ.

ಗೋಡೌನ್_ಗೌಡ
ಸರಿಯಾಗಿ ಹೇಳಿದ್ರಿ. ಆದ್ರೆ ವೈರ್ 30 ದಿನ ಅಂತ ಸಮಾಧಾನ ಪಟ್ಕೋಬೇಡಿ ಸುಮಾ ಮೇಡಂ. ಒಳಗೆ ಇಳಿದು ನೋಡಿ. 90 ಮೀಟರ್ ಕಾಯಿಲ್ ಲೆಕ್ಕದಲ್ಲಿ, 1.5 ಕೆಂಪು ಎಷ್ಟಿದೆ, ದಿನಕ್ಕೆ ಎಷ್ಟು ಹೋಗುತ್ತೆ? 4 ಸ್ಕ್ವೇರ್ ಹಸಿರು ಎಷ್ಟಿದೆ?

ಸುಮಾ_ಅಕೌಂಟ್ಸ್
ಇವತ್ತು 1.5 ಕೆಂಪು 36 ಕಾಯಿಲ್ ಇದೆ, ದಿನಕ್ಕೆ ಸುಮಾರು 12 ಹೋಗುತ್ತೆ. 4 ಸ್ಕ್ವೇರ್ ಹಸಿರು 150 ಇದೆ, ದಿನಕ್ಕೆ ಒಂದು ಹೋದ್ರೆ ಹೆಚ್ಚು.

ಗೋಡೌನ್_ಗೌಡ
ನೋಡಿ, ಒಂದು 3 ದಿನಕ್ಕಿದೆ, ಇನ್ನೊಂದು 150 ದಿನಕ್ಕಿದೆ. ಕಲಸಿದ್ರೆ 30 ದಿನ, ಚೆನ್ನಾಗೇ ಕಾಣುತ್ತೆ. ಲೈಟ್ ಲೈನಿಗೆ 1.5, ಪವರ್ ಪಾಯಿಂಟಿಗೆ 2.5, ಗೀಸರ್ ಏಸಿಗೆ 4. ಹಸಿರು ಅರ್ತ್‌ ವೈರು, ಅರ್ತ್‌ಗೆ 4 ಎಳೆಯೋರು ಕಡಿಮೆ. ಹಾಗಾಗಿ 4 ಹಸಿರು ಯಾವತ್ತೂ ನಿಧಾನನೇ. ಐದೂ ಬಣ್ಣಕ್ಕೆ ಒಂದೇ ಸಂಖ್ಯೆ ಆರ್ಡರ್ ಬರೆಯೋರು ಹೀಗೇ ಸಿಕ್ಕಿಬೀಳೋದು.

ಕೆಂಪಿಗೆ ಎಷ್ಟಿರ್ಬೇಕು ಅಂದ್ರೆ, ಡಿಪೋದಿಂದ ಬರೋಕೆ 2 ದಿನ, ವಾರಕ್ಕೊಂದು ಸಲ ಆರ್ಡರ್ ಹಾಕ್ತೀರಿ ಅಂದ್ರೆ 7 ದಿನ, ಲಾರಿ ತಪ್ಪಿದ್ರೆ ಅಥವಾ ದೊಡ್ಡ ಸೈಟ್ ಆರ್ಡರ್ ಬಂದ್ರೆ ಅಂತ 4 ದಿನ. ಒಟ್ಟು 13 ದಿನ, 12 ಕಾಯಿಲ್ ಪ್ರಕಾರ 156. ಆರ್ಡರ್ ದಿನ ಕೈಲಿರೋದು, ದಾರೀಲಿರೋದು ಕಳೆದು ಮಿಕ್ಕಿದ್ದು ಬರೀರಿ. ಹಸಿರಿಗೂ ಅದೇ ಲೆಕ್ಕ ಹಾಕಿದ್ರೆ 13 ಕಾಯಿಲ್ ಸಾಕು. ಉಳಿದ 137ಕ್ಕೆ ಹೊಸದಾಗಿ ಒಂದೂ ತರಿಸ್ಬೇಡಿ.

ಹೊಸ_ಅಕೌಂಟೆಂಟ್
ಸಣ್ಣ ಪ್ರಶ್ನೆ. 365 ದಿನ ಹಾಕ್ಬೇಕಾ, ಅಂಗಡಿ ತೆರೆದ 300 ದಿನ ಹಾಕ್ಬೇಕಾ?

ಗೋಡೌನ್_ಗೌಡ
ಓನರ್‌ಗೆ ತೋರಿಸೋ ಲೆಕ್ಕಕ್ಕೆ 365, ಬಡ್ಡಿ ಭಾನುವಾರನೂ ಓಡುತ್ತೆ. ಆರ್ಡರ್ ಬರೆಯೋಕೆ ಅಂಗಡಿ ತೆರೆದ ದಿನ. ಒಂದೇ ಹಾಳೆಯಲ್ಲಿ ಎರಡನ್ನೂ ಕಲಸಬೇಡಿ ಅಷ್ಟೇ.

ಟ್ಯಾಲಿ_ಮಂಜು
ಐಟಂ ಮಟ್ಟದಲ್ಲಿ ನೋಡೋ ಮೊದ್ಲು ನೆಗೆಟಿವ್ ಸ್ಟಾಕ್ ಹುಡುಕಿ. ಬಿಲ್ ಹಾಕೋ ಹುಡುಗ "1.5" ಅಂತ ಟೈಪ್ ಮಾಡಿ ಮೇಲೆ ಬಂದ ಮೊದಲ ಹೆಸರಿಗೆ ಎಂಟರ್ ಒತ್ತುತ್ತಾನೆ. ಕೊಟ್ಟಿದ್ದು ಕೆಂಪು, ಬಿಲ್ಲಲ್ಲಿ ಕಪ್ಪು. ಟ್ಯಾಲಿಯಲ್ಲಿ ಕಪ್ಪು ಮೈನಸ್ 40 ಆಗುತ್ತೆ, ಕೆಂಪು ಇಲ್ಲದೇ ಇದ್ರೂ ಇದೆ ಅಂತ ತೋರಿಸುತ್ತೆ. ಮೈನಸ್ ಇರೋ ಐಟಂ ಒಟ್ಟು ಸ್ಟಾಕ್ ಮೌಲ್ಯವನ್ನೂ ಕೆಳಗೆ ಎಳೆಯುತ್ತೆ, ದಿನ ಕಡಿಮೆ ಕಾಣುತ್ತೆ. ದಿನಾ ಸಂಜೆ ಹೆಚ್ಚು ಓಡೋ 10 ಐಟಂ ಮಾತ್ರ ಎಣಿಸಿ ತಾಳೆ ನೋಡಿದ್ರೆ ಒಂದು ತಿಂಗಳಲ್ಲಿ ಎಲ್ಲಾ ಮುಖ್ಯ ಮಾಲು ಒಂದು ಸುತ್ತು ಬರುತ್ತೆ.

ಹಳೇ ಮಾಲು ನೋಡೋಕೆ `Display More Reports > Statements of Inventory > Ageing Analysis`. ಆದ್ರೆ ಕಂಪನಿ ಡೇಟಾ ಸ್ಪ್ಲಿಟ್ ಮಾಡಿದ್ರೆ ಎಚ್ಚರ. ಹಳೇ ಮಾಲೆಲ್ಲಾ ಓಪನಿಂಗ್ ಬ್ಯಾಲೆನ್ಸ್ ಆಗಿ ಬರುತ್ತೆ, ಮೂರು ವರ್ಷದ ಮಾಲೂ ಏಪ್ರಿಲ್‌ನಲ್ಲಿ ಬಂದ ಹಾಗೆ ಕಾಣುತ್ತೆ.

ತಾಮ್ರದ_ರೇಟು
ನೀವೆಲ್ಲಾ ವೈರ್ ಸ್ಟಾಕ್ ಇಳಿಸಿ ಇಳಿಸಿ ಅಂತಿದೀರಿ. ತಾಮ್ರ ಏರಿದಾಗ ಗೋಡೌನಲ್ಲಿ ಮಾಲು ಇದ್ದೋನೇ ರಾಜ. ಕಂಪನಿ ಹೊಸ ಪ್ರೈಸ್ ಲಿಸ್ಟ್ ಬಿಟ್ರೆ ಕೂತಲ್ಲೇ 5 ಪರ್ಸೆಂಟ್. ವರ್ಷಪೂರ್ತಿ ಮಾರಿದ್ರೂ 4 ಸಿಗಲ್ಲ.

ಮಾಲು_ಲೆಕ್ಕ
@ತಾಮ್ರದ_ರೇಟು ರೇಟ್ ಆಟ ಆಡ್ಬೇಡಿ ಅಂತ ನಾನು ಹೇಳಲ್ಲ, ಅದು ಓನರ್ ಇಷ್ಟ. ಆದ್ರೆ ಆ ಮಾಲನ್ನ ಬೇರೆ ಗೋಡೌನ್ ಹೆಸರಲ್ಲಿ ಬರೀರಿ. ದಿನದ ವ್ಯಾಪಾರಕ್ಕೆ ಬೇಕಾದ್ದು ಒಂದು ಕಡೆ, ರೇಟ್ ನೋಡಿ ಹಿಡಿದಿದ್ದು ಇನ್ನೊಂದು ಕಡೆ. ಕಲಸಿದ್ರೆ ತಾಮ್ರ ಇಳಿದಾಗ ಆದ ನಷ್ಟ ವ್ಯಾಪಾರದ ಖಾತೆಯಲ್ಲಿ ಮುಚ್ಚಿಹೋಗುತ್ತೆ. ಲಿಸ್ಟ್ ಇಳಿದ ಮಾರನೇ ದಿನ ಗಿರಾಕಿ ಹಳೇ ರೇಟಿಗೆ ಒಂದು ಕಾಯಿಲ್ ಕೂಡ ಮುಟ್ಟಲ್ಲ.

ಇನ್ನೊಂದು, ತಾಮ್ರ ಏರ್ತಾ ಇರೋ ವರ್ಷದಲ್ಲಿ ರೂಪಾಯಿ ಲೆಕ್ಕ ಮೋಸ ಮಾಡುತ್ತೆ. ಫಿಫೋ ಇಟ್ಟಿದ್ರೆ ಗೋಡೌನ್‌ನಲ್ಲಿರೋದು ಹೊಸ ರೇಟು, ಮಾರಿದ್ದು ಹಳೇ ರೇಟು. ಕಾಯಿಲ್ ಅಷ್ಟೇ ಇದ್ರೂ ದಿನ ಜಾಸ್ತಿ ಆದ ಹಾಗೆ ಕಾಣುತ್ತೆ, ಇಳಿಯೋ ವರ್ಷದಲ್ಲಿ ಉಲ್ಟಾ. ವೈರಿಗೆ ಕಾಯಿಲ್ ಲೆಕ್ಕದಲ್ಲೇ ದಿನ ತೆಗೀರಿ.

ತಾಮ್ರದ_ರೇಟು
ಬೇರೆ ಗೋಡೌನ್ ಹೆಸರಲ್ಲಿ ಬರೆಯೋದು ಒಪ್ತೀನಿ. ಆದ್ರೂ ಏರಿಕೆ ಟೈಮಲ್ಲಿ 15 ದಿನದ ಸ್ಟಾಕ್ ಇಟ್ಕೊಂಡು ಕೂತ್ರೆ ಪಕ್ಕದ ಅಂಗಡಿಯೋನು ಹಳೇ ರೇಟಲ್ಲಿ ಕೊಟ್ಟು ಗಿರಾಕಿ ಎಳ್ಕೊಳ್ತಾನೆ. ಇದಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗ ಇಲ್ಲ.

ಸುಮಾ_ಅಕೌಂಟ್ಸ್
ಫ್ಯಾನ್ 91 ದಿನ ಇದೆಯಲ್ಲ, ಅದನ್ನೂ ಇಳಿಸ್ಬೇಕಾ? ಜನವರಿ ಕೊನೆಗೆ 18 ಲಕ್ಷ ಇರುತ್ತೆ, ಬೇಸಿಗೆ ಅಂತ ಓನರ್ ಮೊದ್ಲೇ ತುಂಬಿಸ್ತಾರೆ.

ಮಾಲು_ಲೆಕ್ಕ
ಫ್ಯಾನಿಗೆ ವರ್ಷದ ಸರಾಸರಿ ನೋಡೋದೇ ಬೇಡ. ನಿಮ್ಮ 48 ಲಕ್ಷದಲ್ಲಿ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 7 ಲಕ್ಷದಂತೆ 28, ಉಳಿದ 8 ತಿಂಗಳು 2.5ರಂತೆ 20 ಅಂತ ಇಟ್ಕೊಳ್ಳಿ.

ಜನವರಿ ಕೊನೆಯ 18 ಲಕ್ಷವನ್ನ ಹಿಂದಿನ ತಿಂಗಳುಗಳ 2.5ರಿಂದ ಭಾಗಿಸಿದ್ರೆ 7 ತಿಂಗಳಿಗೂ ಜಾಸ್ತಿ, ಗಾಬರಿ ಆಗುತ್ತೆ. ಮುಂದಿನ ತಿಂಗಳುಗಳ 7ರಿಂದ ಭಾಗಿಸಿದ್ರೆ 77 ದಿನ, ಪರವಾಗಿಲ್ಲ. ಈಗ ಅದೇ 18 ಲಕ್ಷ ಮೇ ಕೊನೆಗೆ ಇದ್ರೆ? ಹಿಂದಿನ ಸೇಲ್ ಪ್ರಕಾರ 77 ದಿನ, ಎಲ್ಲಾ ಸರಿ ಇದೆ ಅನ್ಸುತ್ತೆ. ಮುಂದಿನ ಸೇಲ್ ಪ್ರಕಾರ 7 ತಿಂಗಳ ಮೇಲೆ, ಡಿಸೆಂಬರ್ ದಾಟುತ್ತೆ. ಸೀಸನ್ ಮಾಲಿಗೆ ಯಾವಾಗ್ಲೂ ಮುಂದೆ ಮಾರೋ ಮಾಲಿನಿಂದ ಭಾಗಿಸಿ. ಏಪ್ರಿಲ್ ಮಧ್ಯದಲ್ಲೇ ಖರೀದಿ ಕೈಬಿಡೋ ತೀರ್ಮಾನ ಆಗ್ಬೇಕು. ಬೆಂಗಳೂರಲ್ಲಿ ಏಪ್ರಿಲ್ ಕೊನೆಗೆ ನಾಲ್ಕು ಮಳೆ ಬಿದ್ರೆ ಫ್ಯಾನ್ ಕೇಳೋರು ಅರ್ಧ ಆಗ್ತಾರೆ.

ಸುಮಾ_ಅಕೌಂಟ್ಸ್
ಇದು ಅರ್ಥ ಆಯ್ತು ಸರ್. ಈಗ ಸ್ವಿಚ್ ಸ್ಕೀಮ್ ಬಗ್ಗೆ ಹೇಳಿ. ಆ ಕಂಪನಿ ಮಾಲು ತಿಂಗಳಿಗೆ 4 ಲಕ್ಷ ಹೋಗುತ್ತೆ. 16 ಲಕ್ಷ ಎತ್ತಿದ್ರೆ 2.5 ಪರ್ಸೆಂಟ್, ಅಂದ್ರೆ 40,000 ಸಿಗುತ್ತೆ.

ಚಿಕ್ಕಪೇಟೆ_ಹುಡ್ಗ
ತಗೊಳ್ಳಿ ಮೇಡಂ, 40,000 ಯಾಕೆ ಬಿಡ್ತೀರಿ. ಕಂಪನಿ 30 ದಿನ ಕ್ರೆಡಿಟ್ ಕೊಡುತ್ತೆ, ಮೊದಲ ತಿಂಗಳು ಬಡ್ಡಿನೂ ಇಲ್ಲ.

ಮಾಲು_ಲೆಕ್ಕ
ಮೊದ್ಲು ಕ್ರೆಡಿಟ್ ವಿಷ್ಯ. ತಿಂಗಳು ತಿಂಗಳು 4 ಲಕ್ಷ ಕೊಂಡಿದ್ರೂ ಪ್ರತಿ ಸಲ 30 ದಿನ ಸಿಗ್ತಿತ್ತು. ಎರಡೂ ಕಡೆ ಇರೋದ್ರಿಂದ ಅದು ಸ್ಕೀಮಿನ ಲಾಭ ಅಲ್ಲ.

16 ಲಕ್ಷದಲ್ಲಿ ಮೊದಲ 4 ಹೇಗೂ ಈ ತಿಂಗಳು ಬೇಕಿತ್ತು. ಎರಡನೇ 4 ಲಕ್ಷ ಒಂದು ತಿಂಗಳು ಮುಂಚೆ ಬಂದಿದೆ, ಮೂರನೇದು ಎರಡು ತಿಂಗಳು, ನಾಲ್ಕನೇದು ಮೂರು ತಿಂಗಳು. 10.5 ಪರ್ಸೆಂಟ್ ಅಂದ್ರೆ ತಿಂಗಳಿಗೆ 0.875.

```
4 ಲಕ್ಷ × (1 + 2 + 3) × 0.875% = 21,000
ಸ್ಕೀಮ್: 16 ಲಕ್ಷ × 2.5%        = 40,000
```

19,000 ಉಳಿಯುತ್ತೆ. 15ರ ಸ್ಲ್ಯಾಬ್ ಮುಟ್ಟೋಕೆ ತಗೋಬಹುದು. ಆದ್ರೆ ಅಲ್ಲಿಗೇ ನಿಲ್ಲಿಸಿ. ನಾಲ್ಕನೇ ತಿಂಗಳ ಮಾಲು ಒಂದನ್ನೇ ನೋಡಿದ್ರೆ 3 ತಿಂಗಳ ಬಡ್ಡಿ 2.625 ಪರ್ಸೆಂಟ್, ಸಿಗೋದು 2.5. ಅದು ಆಗ್ಲೇ ಸ್ವಲ್ಪ ನಷ್ಟ, ಸ್ಲ್ಯಾಬಿಗೋಸ್ಕರ ಸಹಿಸ್ಕೊಳ್ತಿದೀರಿ. ಸೇಲ್ಸ್‌ಮನ್ "32 ಎತ್ತಿ, ಡಬಲ್ ಸಿಗುತ್ತೆ" ಅಂದ್ರೆ 8 ತಿಂಗಳ ಮಾಲಾಯ್ತು, ಬಡ್ಡಿ 98,000, ಸಿಗೋದು 80,000. ಒಟ್ಟು ಲೆಕ್ಕದಲ್ಲಿ 6 ತಿಂಗಳವರೆಗೂ ಲಾಭ ಅನ್ಸುತ್ತೆ, ಯಾಕಂದ್ರೆ ಮೊದಲ ಪೆಟ್ಟಿಗೆಗಳ ಲಾಭ ಕೊನೆಯ ಪೆಟ್ಟಿಗೆಗಳ ನಷ್ಟವನ್ನ ಮುಚ್ಚುತ್ತೆ. ಯಾವಾಗ್ಲೂ ಕೊನೆಯ ಪೆಟ್ಟಿಗೆಯ ಲೆಕ್ಕ ಹಾಕಿ.

ಸ್ಕೀಮ್_ಅನುಭವ
ಇದಕ್ಕೆ ಎರಡು ಸೇರಿಸ್ತೀನಿ. ಆ 2.5 ಬಿಲ್ಲಲ್ಲೇ ಕಳೀತಾರಾ, ಆಮೇಲೆ ಕ್ರೆಡಿಟ್ ನೋಟ್ ಕೊಡ್ತಾರಾ ಕೇಳಿ. ನೋಟ್ ಎರಡು ಮೂರು ತಿಂಗಳು ತಡ ಆಗೋದು ಮಾಮೂಲು. ಅಲ್ಲೀವರೆಗೆ ಸ್ಟಾಕ್ ಪೂರ್ತಿ ರೇಟಲ್ಲೇ ಕೂತಿರುತ್ತೆ.

ಎರಡು, ಯಾವ ಐಟಂ ಎತ್ತುತ್ತೀರಿ ಅನ್ನೋದು. 16 ಲಕ್ಷ ಮುಟ್ಟಿಸೋಕೆ ಸೇಲ್ಸ್‌ಮನ್ ಕೈಲಿ ಪಟ್ಟಿ ಬರೆಸಬೇಡಿ. 6 ಆಂಪಿಯರ್ ಒನ್‌ವೇ ಸ್ವಿಚ್, ಸಾಕೆಟ್, 16 ಮತ್ತು 32 ಆಂಪಿಯರ್ ಎಂಸಿಬಿ ತುಂಬಿಸಿದ್ರೆ 4 ತಿಂಗಳಲ್ಲಿ ಖಾಲಿ. ಹೊಸ ಡಿಸೈನ್ ಪ್ಲೇಟು, ಗ್ರೇ ಬಣ್ಣದ ಸ್ವಿಚ್ ತುಂಬಿಸಿದ್ರೆ ಸ್ಕೀಮ್ ದುಡ್ಡು ಅಲ್ಲೇ ಸತ್ತುಹೋಗುತ್ತೆ.

ಬ್ಯಾಂಕ್_ಪೇಟೆ
ಯಾರೂ ಹೇಳ್ತಿಲ್ಲ, ಸ್ಟಾಕ್ ಇಳಿಸಿದ್ರೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲೂ ಇಳಿಯುತ್ತೆ, ಸಿಸಿಯಿಂದ ಎಷ್ಟು ತೆಗೀಬಹುದು ಅನ್ನೋ ಡ್ರಾಯಿಂಗ್ ಪವರ್ ಕಡಿಮೆ ಆಗುತ್ತೆ. ಓನರ್‌ಗಳು ಅದಕ್ಕೇ ಹೆದರೋದು.

ಮಾಲು_ಲೆಕ್ಕ
ಬ್ಯಾಂಕ್ ಹಿಡಿಯೋ ಮಾರ್ಜಿನ್ 25 ಪರ್ಸೆಂಟ್ ಇದ್ರೆ, ದುಡ್ಡು ಕೊಟ್ಟು ಮುಗಿದ 20 ಲಕ್ಷದ ಮಾಲು ಇಳಿಸಿದಾಗ ಡ್ರಾಯಿಂಗ್ ಪವರ್ 15 ಲಕ್ಷ ಇಳಿಯುತ್ತೆ. ಆದ್ರೆ ಮಾರಿ ಬಂದ 20 ಲಕ್ಷ ಸಿಸಿಗೆ ಕಟ್ಟಿರ್ತೀರಿ. ಕೈಲಿ 5 ಲಕ್ಷ ಜಾಸ್ತಿನೇ ಉಳಿಯುತ್ತೆ. ವರ್ಷಕ್ಕೂ ಮೀರಿದ ಮಾಲನ್ನ ಎಷ್ಟೋ ಬ್ಯಾಂಕ್‌ಗಳು ಲೆಕ್ಕಕ್ಕೇ ಹಿಡಿಯಲ್ಲ, ಹಾಗಿದ್ದಾಗ ನಿಮ್ಮ ಎಲ್‌ಇಡಿ ಡ್ರಾಯಿಂಗ್ ಪವರ್ ಕೊಡ್ತಿದೆಯಾ ಅಂತ ನೋಡಿ.

ಬ್ಯಾಂಕ್_ಪೇಟೆ
ಲೆಕ್ಕ ಸರಿ. ನನ್ನ ಮಾತು ರಿನ್ಯೂವಲ್ ಬಗ್ಗೆ. ಲಿಮಿಟ್ ಪೂರ್ತಿ ಬಳಸ್ತಿಲ್ಲ ಅಂತ ಕಂಡ್ರೆ ಮ್ಯಾನೇಜರ್ ಕತ್ತರಿಸ್ತಾರೆ, ಆಮೇಲೆ ಸೀಸನ್‌ನಲ್ಲಿ ಬೇಕು ಅಂದಾಗ ಮತ್ತೆ ಪೇಪರ್ ಓಡಾಟ.

ಪೀಣ್ಯ_ಪ್ರಸಾದ್
ಸಣ್ಣ ಲಿಮಿಟ್‌ಗಳನ್ನ ಎಷ್ಟೋ ಕಡೆ ಮುಂದಿನ ವರ್ಷದ ಅಂದಾಜು ಸೇಲ್‌ನ 20 ಪರ್ಸೆಂಟ್ ಅಂತ ನಿಗದಿ ಮಾಡ್ತಾರೆ, ನಾಯಕ್ ಸಮಿತಿ ಲೆಕ್ಕ ಅದು. ಅಲ್ಲಿ ಸ್ಟಾಕ್‌ಗಿಂತ ಸೇಲ್ ಮುಖ್ಯ.

ಬ್ಯಾಂಕ್_ಪೇಟೆ
ಕಾಗದದ ಮೇಲೆ ಹೌದು. ಬ್ರಾಂಚಿಗೆ ಬ್ರಾಂಚಿಗೆ ಬೇರೆ ಇರುತ್ತೆ.

ಸುಮಾ_ಅಕೌಂಟ್ಸ್
ಕೊನೇ ಪ್ರಶ್ನೆ. ಎಲ್‌ಇಡಿಯಲ್ಲಿ ಒಂದು ವರ್ಷ ಮೀರಿದ್ದು 10 ಲಕ್ಷ ಇದೆ. ಓನರ್ ಅಸಲಿಗಿಂತ ಕೆಳಗೆ ಮಾರಲ್ಲ ಅಂತಾರೆ. ರೈಟ್ ಆಫ್ ಮಾಡಿಬಿಡೋದಾ?

ಟ್ಯಾಲಿ_ಮಂಜು
ರೈಟ್ ಆಫ್ ಬೇಡ. ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ರೈಟ್ ಆಫ್ ಮಾಡಿದ ಮಾಲಿನ ಐಟಿಸಿ ವಾಪಸ್ ಕಟ್ಟಬೇಕು, ಉಚಿತವಾಗಿ ಕೊಟ್ರೂ ಅಷ್ಟೇ. ನಷ್ಟಕ್ಕೆ ಬಿಲ್ ಹಾಕಿ ಮಾರಿದ್ರೆ ಆ ತೊಂದ್ರೆ ಇಲ್ಲ, ಮಾರಿದ ಬೆಲೆಗೆ ಟ್ಯಾಕ್ಸ್ ಕಟ್ಟಿದ್ರೆ ಆಯ್ತು. ಹಾಗೇ ವರ್ಷದ ಕೊನೆಗೆ ಇವನ್ನ ಅಸಲಿನಲ್ಲೇ ತೋರಿಸ್ಬೇಡಿ, ಮಾರಿದ್ರೆ ಸಿಗೋ ಬೆಲೆ ಕಡಿಮೆ ಇದ್ರೆ ಆ ಬೆಲೆಗೇ ಇಳಿಸಬೇಕು.

ಚಿಕ್ಕಪೇಟೆ_ಹುಡ್ಗ
20 ಪರ್ಸೆಂಟ್ ನಷ್ಟಕ್ಕೆ ಹೊಡೆದ್ರೂ 8 ಲಕ್ಷ ಬರುತ್ತೆ. ವೈರಿಗೆ ಹಾಕಿ, ವರ್ಷಕ್ಕೆ 12 ಸಲ ತಿರುಗಿ ಒಂದೇ ವರ್ಷದಲ್ಲಿ ನಷ್ಟ ತುಂಬುತ್ತೆ.

ಮಾಲು_ಲೆಕ್ಕ
ದುಡ್ಡು ಬಂತು ಅಂತ ವೈರ್ ಕೇಳೋ ಗಿರಾಕಿ ಜಾಸ್ತಿ ಆಗಲ್ಲ ತಮ್ಮ. ಈಗ್ಲೇ ವೈರ್ ಸಿಗದೇ ವಾಪಸ್ ಹೋಗ್ತಿದ್ರೆ ಮಾತ್ರ ಆ ಮಾತು ನಿಜ, 1.5 ಕೆಂಪಿನಲ್ಲಿ ಹಾಗೆ ಆಗ್ತಿರ್ಬಹುದು. ಇಲ್ದಿದ್ರೆ 8 ಲಕ್ಷ ಸಿಸಿಗೆ ಕಟ್ಟಿದ್ರೆ ವರ್ಷಕ್ಕೆ 84,000 ಬಡ್ಡಿ ಉಳಿಯುತ್ತೆ. 2 ಲಕ್ಷ ನಷ್ಟ ಬಡ್ಡಿಯಿಂದಲೇ ತುಂಬೋಕೆ ಎರಡೂವರೆ ವರ್ಷ ಹತ್ತಿರ. ಸುಮ್ನೆ ಬಿಟ್ರೂ ಆ ಲೈಟ್ ರೇಟ್ ಎರಡೂವರೆ ವರ್ಷದಲ್ಲಿ 20 ಪರ್ಸೆಂಟ್‌ಗಿಂತ ಕಡಿಮೆ ಇಳಿಯುತ್ತಾ ಅಂತ ಓನರ್‌ನ ಕೇಳಿ.

ಲೈಟ್_ಡೀಲರ್_ಜಯನಗರ
20 ಪರ್ಸೆಂಟ್ ಯಾಕೆ, ಮೊದ್ಲು ಕಂಪನಿಯನ್ನ ಕೇಳಿ. ಮುಂದಿನ ಆರ್ಡರ್ ಜೊತೆ ಹಳೇ ಮಾಡೆಲ್ ವಾಪಸ್ ತಗೊಳ್ಳೋ ಕಂಪನಿಗಳಿವೆ. ಆಗದಿದ್ರೆ ಚೂರು ಚೂರು ಇರೋದನ್ನ ವ್ಯಾಟ್ ಪ್ರಕಾರ ಸೇರಿಸಿ ಪಿಜಿ ಕಟ್ಟೋರಿಗೆ, ತುಮಕೂರು ರಾಮನಗರ ಕಡೆ ಸಣ್ಣ ಅಂಗಡಿಗಳಿಗೆ ಲಾಟ್ ಆಗಿ ಕೊಡಿ. ವಾರಂಟಿ ತಾರೀಖು ಬಾಕ್ಸ್ ಮೇಲಿನ ತಯಾರಿಕೆ ತಿಂಗಳಿಂದ ಶುರುನಾ, ಬಿಲ್ ತಾರೀಖಿಂದನಾ ಅಂತ ಬರವಣಿಗೆಯಲ್ಲಿ ತಗೊಂಡೇ ಮಾರಿ, ಇಲ್ದಿದ್ರೆ ರಿಪ್ಲೇಸ್‌ಮೆಂಟ್ ನಿಮ್ಮ ತಲೆಗೆ ಬರುತ್ತೆ.

ಸುಮಾ_ಅಕೌಂಟ್ಸ್
ಎಲ್ಲರಿಗೂ ಧನ್ಯವಾದ. ಸ್ಕೀಮ್ 16ಕ್ಕೆ ನಿಲ್ಲಿಸೋಕೆ, 4 ಹಸಿರು ಖರೀದಿ ನಿಲ್ಲಿಸೋಕೆ ಓನರ್ ಒಪ್ಪಿದ್ರು. ಎಲ್‌ಇಡಿ ಮಾತ್ರ "ದಸರಾ ಕಳೀಲಿ ನೋಡೋಣ" ಅಂತಿದಾರೆ. ಕಂಪನಿಗೆ ವಾಪಸ್ ಕೇಳೋ ಪತ್ರ ಬರೆದಿಟ್ಟಿದೀನಿ. ತಯಾರಿಕೆ ತಿಂಗಳ ಪ್ರಕಾರ ಬಾಕ್ಸ್ ಎಣಿಸೋಕೆ ನಾಳೆ ಗೋಡೌನ್‌ಗೆ ಹೋಗ್ಬೇಕು. ಟ್ಯಾಲಿಯಲ್ಲಿ ಬ್ಯಾಚ್ ಆನ್ ಮಾಡಿಲ್ಲ, ಈಗ ಆನ್ ಮಾಡಿದ್ರೆ ಹಳೇ ಸ್ಟಾಕ್‌ಗೆ ಆ ತಿಂಗಳು ಹೇಗೆ ಹಾಕೋದು, ಯಾರಾದ್ರೂ ಮಾಡಿದೀರಾ?

ಟ್ಯಾಲಿ_ಮಂಜು
ಎಣಿಸಿದ ಪಟ್ಟಿ ರೆಡಿ ಇಟ್ಕೊಳ್ಳಿ. ಮೊದ್ಲು ಬ್ಯಾಕಪ್, ಆಮೇಲೆ ಎಲ್‌ಇಡಿ ಗ್ರೂಪಿನ ಐಟಂಗಳಿಗೆ ಮಾತ್ರ ಬ್ಯಾಚ್ ಆನ್ ಮಾಡೋದು. ನಾಳೆ ಸಂಜೆ ಹಂತ ಹಂತವಾಗಿ ಬರೀತೀನಿ.